ಅಂಗಿಯ ಮೇಲಿನ ಲೋಗೊ ಅಳಿಸುವುದು: ಮಸುಕು ಗುರುತು ಉಳಿಯದ ಹಾಗೆ

ಮನೆಯ ಹಿರಿಯರು ತೀರಿಕೊಂಡಾಗ ಚೌಕಟ್ಟು ಹಾಕಿಸಲು ಒಂದು ಒಳ್ಳೆಯ ಫೋಟೊ ಹುಡುಕುತ್ತಾರೆ. ಮದುವೆ ಮನೆಗಳಲ್ಲಿ ತೆಗೆದ ಫೋಟೊಗಳಲ್ಲಿ ಮುಖ ಬಿಗಿದುಕೊಂಡಿರುತ್ತದೆ, ಆಧಾರ್ ಕಾರ್ಡಿನ ಫೋಟೊ ಯಾರಿಗೂ ಬೇಡ. ಕೊನೆಗೆ ನಗುಮುಖದ ಒಂದೇ ಒಂದು ಫೋಟೊ ಸಿಗುತ್ತದೆ. ಅದರಲ್ಲಿ ಅವರು ತೊಟ್ಟಿರುವುದು ಸಿಮೆಂಟು ಕಂಪನಿಯೋ ಗೊಬ್ಬರದ ಕಂಪನಿಯೋ ಪುಕ್ಕಟೆ ಹಂಚಿದ ಟೀ ಶರ್ಟ್. ನನ್ನ ಸ್ಟುಡಿಯೊಗೆ ಬರುವ ಲೋಗೊ ಅಳಿಸುವ ಕೆಲಸಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಂಥವೇ.

ಕೆಲವು ವರ್ಷಗಳ ಹಿಂದೆ ಇಂಥದೊಂದು ಫೋಟೊ ಬಂದಿತ್ತು. ತಿಳಿ ಬೂದು ಬಣ್ಣದ ಕಾಲರ್ ಟೀ ಶರ್ಟ್, ಎಡ ಎದೆಯ ಮೇಲೆ ಕೆಂಪು ಲೋಗೊ, ಅದರ ಕೆಳಗೆ ಒಂದು ಸಾಲು ಕೆಂಪು ಅಕ್ಷರ. ಹೀಲಿಂಗ್ ಬ್ರಷ್ ತೆಗೆದುಕೊಂಡು ಹತ್ತು ನಿಮಿಷದಲ್ಲಿ ಒರೆಸಿಬಿಟ್ಟೆ. ಪರದೆಯ ಮೇಲೆ ಚೆನ್ನಾಗಿಯೇ ಕಂಡಿತು. 12×18 ಇಂಚಿಗೆ ಪ್ರಿಂಟ್ ಹಾಕಿ, ಚೌಕಟ್ಟು ಕಟ್ಟಿಸಿ ಕೊಟ್ಟೆ. ಮಾರನೆಯ ದಿನ ಫೋಟೊದಲ್ಲಿದ್ದವರ ಮಗಳು ಚೌಕಟ್ಟನ್ನು ಬಟ್ಟೆಯಲ್ಲಿ ಸುತ್ತಿಕೊಂಡು ವಾಪಸು ಬಂದರು. "ಅಣ್ಣಾ, ಲೈಟ್ ಹಾಕಿದರೆ ಅಕ್ಷರ ಓದುವುದಕ್ಕೆ ಬರುತ್ತದೆ" ಎಂದರು. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ಹಿಡಿದು ನೋಡಿದೆ. ನಿಜವೇ. ಕೆಂಪು ಹೋಗಿತ್ತು, ಲೋಗೊ ಹೋಗಿರಲಿಲ್ಲ.

ಅದೇ ಫೋಟೊವನ್ನು ಎರಡನೆಯ ಸಲ ಮಾಡಿದ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಫೋಟೊಶಾಪ್ ಹಿಡಿದು ಹೇಳುತ್ತೇನೆ. ಗಿಂಪ್ ಬಳಸುವವರಿಗೆ ಬದಲಾಗುವ ಸಂಗತಿಗಳನ್ನು ಕೊನೆಯ ಕಡೆಗೆ ಹೇಳಿದ್ದೇನೆ.

ಉಳಿಯುವುದು ಏನು

ಅಳಿಸಿದ ಮೇಲೆ ಕಾಣುವ ಮಸುಕು ಗುರುತು ಒಂದೇ ವಸ್ತುವಲ್ಲ. ಮೂರು ಬೇರೆ ಬೇರೆ ತಪ್ಪುಗಳು ಒಂದರ ಮೇಲೊಂದು ಕುಳಿತಿರುತ್ತವೆ.

ಮೊದಲನೆಯದು ಅಂಚು. ನಮ್ಮ ಕಣ್ಣಿಗೆ ಲೋಗೊ ಎಲ್ಲಿ ಮುಗಿಯಿತು ಎನಿಸುತ್ತದೋ ಫೈಲಿನಲ್ಲಿ ಅದು ಅಲ್ಲಿಗೆ ಮುಗಿಯುವುದಿಲ್ಲ. ಮೊಬೈಲ್ ಕ್ಯಾಮೆರಾ ಚಿತ್ರವನ್ನು ತಾನೇ ಹರಿತಗೊಳಿಸುತ್ತದೆ; ಆಗ ಗಾಢವಾದ ಅಕ್ಷರದ ಸುತ್ತ ಎರಡು ಮೂರು ಪಿಕ್ಸೆಲ್ ಅಗಲದ ಬಿಳಿಚು ಗೆರೆ ಹುಟ್ಟುತ್ತದೆ. ಅದರಾಚೆಗೆ ಜೆಪೆಗ್‌ನ ಕಿತಾಪತಿ. ಹೆಚ್ಚಿನ ಮೊಬೈಲುಗಳು ಜೆಪೆಗ್ ಉಳಿಸುವಾಗ ಬೆಳಕಿನ ವಿವರವನ್ನು ಪೂರ್ತಿಯಾಗಿ ಇಟ್ಟು, ಬಣ್ಣದ ವಿವರವನ್ನು ಅಡ್ಡಕ್ಕೂ ಉದ್ದಕ್ಕೂ ಅರ್ಧಕ್ಕೆ ಇಳಿಸುತ್ತವೆ. ಹಾಗಾಗಿ ಕೆಂಪು ಬಣ್ಣ ಅಕ್ಷರದ ಗೆರೆಯನ್ನು ದಾಟಿ ಹಲವು ಪಿಕ್ಸೆಲ್ ದೂರಕ್ಕೆ, ನೀರಿಗೆ ಬಿದ್ದ ಕುಂಕುಮದ ಹಾಗೆ, ತೆಳ್ಳಗೆ ಹರಡಿರುತ್ತದೆ. ಅಕ್ಷರಕ್ಕೆ ಅಂಟಿಕೊಂಡು ಒರೆಸಿದರೆ ಈ ಹರಡಿದ ಕೆಂಪು ಪೂರ್ತಿ ಉಳಿಯುತ್ತದೆ.

ಎರಡನೆಯದು ನೆರಳು-ಬೆಳಕು. ಟೀ ಶರ್ಟ್ ಮೇಲೆ ಸ್ಕ್ರೀನ್ ಪ್ರಿಂಟಿಂಗ್ ಮಾಡುವ ಶಾಯಿ ಬಟ್ಟೆಯೊಳಗೆ ಇಂಗುವುದಕ್ಕಿಂತ ಮೇಲೆ ಪ್ಲಾಸ್ಟಿಕ್ ಪೊರೆಯಂತೆ ಕೂರುವುದೇ ಹೆಚ್ಚು. ಒಗೆದೊಗೆದು ಬಟ್ಟೆ ಕುಗ್ಗಿದರೂ ಈ ಪೊರೆ ಅಷ್ಟು ಕುಗ್ಗುವುದಿಲ್ಲ. ಹಾಗಾಗಿ ಅಚ್ಚಿನ ಸುತ್ತ ಬಟ್ಟೆ ಸಣ್ಣಗೆ ಮುದುರಿಕೊಂಡಿರುತ್ತದೆ. ಲೋಗೊ ಅಳಿಸಿ ಈ ಮುದುರನ್ನು ಹಾಗೆಯೇ ಬಿಟ್ಟರೆ ಬಟ್ಟೆ ಕಾರಣವಿಲ್ಲದೆ ಒಂದು ವೃತ್ತದ ಸುತ್ತ ಸುಕ್ಕುಗಟ್ಟಿದಂತೆ ಕಾಣುತ್ತದೆ. ಕಸೂತಿ ಹಾಕಿದ ಲೋಗೊ ಆಗಿದ್ದರೆ ಮುದುರು ಇನ್ನೂ ಅಗಲ.

ಮೂರನೆಯದು ನೇಯ್ಗೆ. ಒರೆಸಿದ ಜಾಗ ನುಣ್ಣಗಾಗಿ, ಸುತ್ತಲಿನ ಬಟ್ಟೆ ಒರಟಾಗಿ ಉಳಿದರೆ, ಬಣ್ಣ ಎಷ್ಟು ಸರಿಯಿದ್ದರೂ ಆ ಜಾಗ ಇಸ್ತ್ರಿ ಪೆಟ್ಟಿಗೆ ಸುಟ್ಟ ಕಲೆಯ ಹಾಗೆ ಎದ್ದು ಕಾಣುತ್ತದೆ.

ಇವೆಲ್ಲವನ್ನೂ ಮೀರಿದ ಇನ್ನೊಂದು ಮಾತಿದೆ. ಈ ಮೂರೂ ತಪ್ಪುಗಳು ಅಲ್ಪಸ್ವಲ್ಪ ಉಳಿದೇ ಉಳಿಯುತ್ತವೆ; ಪೂರ್ತಿ ಕಳೆದೆ ಎನ್ನುವವರನ್ನು ನಾನು ನಂಬುವುದಿಲ್ಲ. ಆದರೆ ಉಳಿದ ತಪ್ಪು ಲೋಗೊದ ಆಕಾರದಲ್ಲಿಯೇ ಉಳಿದರೆ ಮಾತ್ರ ಕಣ್ಣು ಅದನ್ನು ಹಿಡಿಯುತ್ತದೆ. ಶೇಕಡಾ ಒಂದರಷ್ಟು ಬೆಳಕಿನ ವ್ಯತ್ಯಾಸ ಅಡ್ಡಾದಿಡ್ಡಿಯಾಗಿ ಹರಡಿದ್ದರೆ ಅದು ಬಟ್ಟೆ; ಅಕ್ಷರದ ರೂಪದಲ್ಲಿದ್ದರೆ ಅದು ಅಕ್ಷರ. ನನ್ನ ಮೊದಲ ಸಲದ ತಪ್ಪು ಇದೇ. ಪ್ರತಿ ಅಕ್ಷರದ ಮೇಲೂ ಅಚ್ಚುಕಟ್ಟಾಗಿ ಬ್ರಷ್ ಓಡಿಸಿದ್ದೆ. ಅಂದರೆ ಆ ಅಕ್ಷರಗಳನ್ನೇ ಇನ್ನೊಂದು ಸಲ ಬರೆದಿದ್ದೆ.

ಮೊದಲು ಕನ್ನಡಕ, ಆಮೇಲೆ ಕೈ

ಫೈಲ್ ತೆರೆದ ತಕ್ಷಣ ಬ್ರಷ್ ಹಿಡಿಯಬೇಡಿ. ತಪ್ಪನ್ನು ದೊಡ್ಡದಾಗಿ ತೋರಿಸುವ ಎರಡು ತಪಾಸಣೆ ಲೇಯರ್‌ಗಳನ್ನು ಮೇಲುಗಡೆ ಕಟ್ಟಿಕೊಳ್ಳಿ. ಇವು ಅಂತಿಮ ಚಿತ್ರದಲ್ಲಿ ಇರುವುದಿಲ್ಲ. ಬೇಕೆಂದಾಗ ಕಣ್ಣಿನ ಗುರುತು ಒತ್ತಿ ತೆರೆಯುವುದು, ಬೇಡವೆಂದಾಗ ಮುಚ್ಚುವುದು.

ಬೆಳಕಿನ ತಪಾಸಣೆಗೆ ಮೊದಲು ಒಂದು `Black & White` ಅಡ್ಜಸ್ಟ್‌ಮೆಂಟ್ ಲೇಯರ್ ಹಾಕಿ, ಅದರ ಮೇಲೆ ಒಂದು `Curves` ಲೇಯರ್ ಹಾಕಿ. ಆ ಕರ್ವ್ ಅಲೆಯಂತೆ ಏರಿಳಿಯಬೇಕು. ಬಿಂದುಗಳು ಹೀಗಿರಲಿ:

```
Input    Output
0        0
64       255
128      0
192      255
255      0
```

ಚಿತ್ರ ವಿಕಾರವಾಗಿ ಕಾಣುತ್ತದೆ, ಗಾಬರಿಯಾಗಬೇಡಿ. ಬೆಳಕಿನ ಒಂದೊಂದು ಹಂತವೂ ಕಪ್ಪು ಬಿಳುಪಿನ ಪಟ್ಟೆಯಾಗಿ ಹರಡಿಕೊಳ್ಳುತ್ತದೆ, ಭೂಪಟದಲ್ಲಿ ಬೆಟ್ಟದ ಎತ್ತರ ತೋರಿಸುವ ಗೆರೆಗಳ ಹಾಗೆ. ಬಟ್ಟೆ ಸರಾಗವಾಗಿ ತಿರುಗುವ ಕಡೆ ಪಟ್ಟೆಗಳೂ ಸರಾಗವಾಗಿ ಹರಿಯುತ್ತವೆ. ಬರಿಗಣ್ಣಿಗೆ ಸಿಗದ ಸಣ್ಣ ವ್ಯತ್ಯಾಸ ಇದ್ದರೂ ಪಟ್ಟೆ ಅಲ್ಲಿ ಮುರಿಯುತ್ತದೆ ಇಲ್ಲವೇ ಗಂಟು ಕಟ್ಟುತ್ತದೆ. ನನ್ನ ಹಳೆಯ ಫೈಲನ್ನು ಹುಡುಕಿ ಇದರ ಕೆಳಗಿಟ್ಟಾಗ ಕಂಪನಿಯ ಹೆಸರು ಪೂರ್ತಿ, ಸ್ಪಷ್ಟವಾಗಿ, ಮೂರನೆಯ ತರಗತಿಯ ಮಗು ಓದುವಷ್ಟು ದಪ್ಪಗೆ ಎದ್ದು ಬಂದಿತ್ತು.

ಬಣ್ಣದ ತಪಾಸಣೆಗೆ ಇನ್ನೊಂದು `Hue/Saturation` ಲೇಯರ್ ಹಾಕಿ, `Saturation` ಅನ್ನು +80ರ ಆಸುಪಾಸಿಗೆ ಏರಿಸಿ. ಬೂದು ಬಟ್ಟೆಯಲ್ಲಿ ಅಡಗಿದ ಕೆಂಪು ಆಗ ಗುಲಾಬಿ ಮಂಜಿನಂತೆ ಕಾಣುತ್ತದೆ. ಎರಡು ತಪಾಸಣೆಗಳನ್ನೂ ಒಟ್ಟಿಗೆ ತೆರೆಯಬೇಡಿ, ಒಂದರ ಗುರುತನ್ನು ಇನ್ನೊಂದು ಮುಚ್ಚುತ್ತದೆ.

ಈಗ ಬಣ್ಣದ ತಪಾಸಣೆ ತೆರೆದಿಟ್ಟು 400% ಹಿಗ್ಗಿಸಿ, ಅಕ್ಷರದ ಅಂಚಿನಿಂದ ಗುಲಾಬಿ ಮಂಜು ಎಷ್ಟು ದೂರ ಹೋಗಿದೆ ಎಂದು ಎಣಿಸಿ. 3000×4000 ಪಿಕ್ಸೆಲ್‌ನ ಈ ಫೋಟೊದಲ್ಲಿ ಎಂಟರಿಂದ ಒಂಬತ್ತು ಪಿಕ್ಸೆಲ್ ಇತ್ತು. ವಾಟ್ಸಾಪ್‌ನಲ್ಲಿ ಬಂದ ಪ್ರತಿಯಾಗಿದ್ದರೆ ಚಿತ್ರವೇ ಕುಗ್ಗಿರುತ್ತದೆ, ಮಂಜು ಅಕ್ಷರಕ್ಕೆ ಹೋಲಿಸಿದರೆ ಇನ್ನೂ ಅಗಲ. ಸಾಧ್ಯವಿದ್ದರೆ ಫೋಟೊ ತೆಗೆದ ಮೊಬೈಲನ್ನೇ ತರಿಸಿಕೊಂಡು ಮೂಲ ಫೈಲನ್ನು ಪಡೆಯಿರಿ. ಈ ಒಂದು ಹಟ ಅರ್ಧ ಗಂಟೆಯ ಕೆಲಸ ಉಳಿಸುತ್ತದೆ.

ಗಡಿ ಎಲ್ಲಿ ಹಾಕಬೇಕು

ಮಂಜು ಒಂಬತ್ತು ಪಿಕ್ಸೆಲ್ ಇದ್ದರೆ ಗಡಿ ಕನಿಷ್ಠ ಇಪ್ಪತ್ತು ಪಿಕ್ಸೆಲ್ ಆಚೆ ಇರಲಿ. ಲೋಗೊವನ್ನು ಮ್ಯಾಜಿಕ್ ವಾಂಡ್‌ನಿಂದ ಆಯ್ದು ಹಿಗ್ಗಿಸುವುದು ಬೇಡ; ಅದು ಮತ್ತೆ ಲೋಗೊದ ಆಕಾರವನ್ನೇ ಕೊಡುತ್ತದೆ, ಸ್ವಲ್ಪ ದಪ್ಪಗೆ ಅಷ್ಟೆ. ಲಾಸೊ ತೆಗೆದುಕೊಂಡು ಕೈಯಿಂದಲೇ ಒಂದು ಅಂಕುಡೊಂಕು ಗಡಿ ಎಳೆಯಿರಿ. ಲೋಗೊ, ಕೆಳಗಿನ ಅಕ್ಷರಗಳ ಸಾಲು, ಅವುಗಳ ನಡುವಿನ ಖಾಲಿ ಬಟ್ಟೆ, ಸುತ್ತಲ ಮುದುರು ಎಲ್ಲವೂ ಅದರೊಳಗೆ ಬರಲಿ.

ಗಡಿ ಎಲ್ಲಿ ಹಾದುಹೋಗಬೇಕೆಂದು ಬಟ್ಟೆಯೇ ಹೇಳುತ್ತದೆ. ಮಡಿಕೆಯ ಏಣು, ಹೊಲಿಗೆಯ ಸಾಲು, ಗುಂಡಿಪಟ್ಟಿಯ ಅಂಚು, ಹೀಗೆ ನೆರಳು-ಬೆಳಕು ಸಹಜವಾಗಿಯೇ ಬದಲಾಗುವ ಕಡೆ ಗಡಿಯನ್ನು ಓಡಿಸಿದರೆ ಜೋಡಣೆ ಸ್ವಲ್ಪ ತಪ್ಪಿದರೂ ಗೊತ್ತಾಗುವುದಿಲ್ಲ. ಬಯಲಿನಂಥ ಜಾಗದ ನಡುವೆ ಗಡಿ ಹಾಯ್ದರೆ ಕೂದಲೆಳೆಯ ತಪ್ಪೂ ಕಾಣುತ್ತದೆ. ನನ್ನ ಫೋಟೊದಲ್ಲಿ ಒಂದು ಕಡೆ ಗುಂಡಿಪಟ್ಟಿ ಸಿಕ್ಕಿತು, ಕೆಳಗೆ ಕಂಕುಳಿನಿಂದ ಬಂದ ಮಡಿಕೆ ಸಿಕ್ಕಿತು. ಮೇಲುಗಡೆ ಮಾತ್ರ ಬಯಲು. ಹಾಗಾಗಿ ಆ ಕಡೆ ಗಡಿಯನ್ನು ಹಲ್ಲುಹಲ್ಲಾಗಿ ಎಳೆದೆ.

ಈ ಸೆಲೆಕ್ಷನ್ ಒಂದು ನಕ್ಷೆ ಮಾತ್ರ. ಉಳಿಸಿಕೊಂಡು, ಸೆಲೆಕ್ಷನ್ ತೆಗೆದುಹಾಕಿ, ಮುಂದೆ ಹೋಗಿ. ಸೆಲೆಕ್ಷನ್ ಚಾಲೂ ಇಟ್ಟುಕೊಂಡು ಬ್ರಷ್ ಓಡಿಸಿದರೆ ಅದರ ಅಂಚು ಕತ್ತರಿ ಗುರುತಾಗಿ ಬೀಳುತ್ತದೆ.

ಮೊದಲು ಮಡಿಕೆ, ಆಮೇಲೆ ಬಟ್ಟೆ

ಹೀಲಿಂಗ್ ಬ್ರಷ್ 2002ರಲ್ಲಿ ಫೋಟೊಶಾಪ್ 7ರ ಜೊತೆ ಬಂದದ್ದು, ಮುಖದ ಮೇಲಿನ ಮೊಡವೆಗೆ ಅದು ವರವೇ ಸರಿ. ಆದರೆ ಅದು ಕೆಲಸ ಮಾಡುವ ಬಗೆ ತಿಳಿದಿರಲಿ. ನೀವು ಕೊಟ್ಟ ಮೂಲದಿಂದ ಅದು ನೇಯ್ಗೆಯನ್ನು ಮಾತ್ರ ತೆಗೆದುಕೊಳ್ಳುತ್ತದೆ. ಬಣ್ಣ ಮತ್ತು ಬೆಳಕನ್ನು ನೀವು ಬ್ರಷ್ ಓಡಿಸಿದ ಜಾಗದ ಅಂಚಿನಿಂದ ಒಳಕ್ಕೆ ಎಳೆದುಕೊಳ್ಳುತ್ತದೆ. ಬ್ರಷ್ಷಿನ ಅಂಚು ಕೆಂಪು ಅಕ್ಷರಕ್ಕೆ ಎಲ್ಲಾದರೂ ತಾಗಿದರೆ ಆ ಕೆಂಪು ಒಳಗೆ ಸೋರುತ್ತದೆ. ಆದ್ದರಿಂದ ಕೆಂಪು ಇರುವವರೆಗೆ ಹೀಲಿಂಗ್ ಬ್ರಷ್ ಮುಟ್ಟಬೇಡಿ. ಮೊದಲ ಸುತ್ತಿನ ಕೆಲಸವೆಲ್ಲ ಕ್ಲೋನ್ ಸ್ಟಾಂಪಿನದು; ಅದು ಮೂಲವನ್ನು ಬಣ್ಣ, ಬೆಳಕು, ನೇಯ್ಗೆ ಸಮೇತ ಇದ್ದಂತೆಯೇ ನಕಲಿಸುತ್ತದೆ.

ಹೊಸ ಖಾಲಿ ಲೇಯರ್ ತೆರೆದು, ಕ್ಲೋನ್ ಸ್ಟಾಂಪ್ ಆರಿಸಿ, `Sample` ಅನ್ನು `Current & Below` ಮಾಡಿ. `Aligned` ಗುರುತು ಇರಲಿ. ಬ್ರಷ್ಷಿನ `Hardness` 50% ಸುತ್ತಮುತ್ತ ಇಡಿ. `Opacity` ಮಾತ್ರ ಕಡ್ಡಾಯವಾಗಿ 100%. ಮೆಲ್ಲಗೆ ಹಚ್ಚೋಣ ಎಂದು 30%ಕ್ಕೆ ಇಳಿಸಿಕೊಂಡು ಹತ್ತು ಸಲ ಉಜ್ಜುವವರೇ ಹೆಚ್ಚು. ಹಾಗೆ ಮಾಡಿದಾಗ ಬೇರೆ ಬೇರೆ ಜಾಗದ ನೇಯ್ಗೆಗಳು ಒಂದರ ಮೇಲೊಂದು ಬಿದ್ದು, ಎಳೆಗಳು ಪರಸ್ಪರ ಅಳಿಸಿಕೊಂಡು, ಆ ಜಾಗ ನುಣ್ಣಗಾಗುತ್ತದೆ. ಮೂರನೆಯ ತಪ್ಪು ಹುಟ್ಟುವುದು ಇಲ್ಲಿಯೇ.

ಮೊದಲು ಮಡಿಕೆಗಳನ್ನು ಕಟ್ಟಿ. ನನ್ನ ಫೋಟೊದಲ್ಲಿ ಕಂಕುಳಿನ ಮಡಿಕೆ ಓರೆಯಾಗಿ ಬಂದು ಲೋಗೊದ ಕೆಳಮೂಲೆಯನ್ನು ಹೊಕ್ಕು ಗುಂಡಿಪಟ್ಟಿಯ ಹತ್ತಿರ ಹೊರಬರುತ್ತಿತ್ತು. ಒಳಗೆ ಅದು ಕೆಂಪಿನ ಮೇಲೆ ಬೇರೆ ರೀತಿ ಕಾಣುತ್ತಿತ್ತು, ಆದರೆ ಇತ್ತು. ಮಡಿಕೆಯ ಸ್ವಚ್ಛ ಭಾಗದಲ್ಲಿ, ಸರಿಯಾಗಿ ಏಣಿನ ಮೇಲೆಯೇ, ಆಲ್ಟ್ ಕೀಲಿ ಒತ್ತಿ ಮೂಲ ಹಿಡಿದೆ. ಮಡಿಕೆ ಲೋಗೊವನ್ನು ಹೊಗುವ ಜಾಗದಲ್ಲಿ, ಅಲ್ಲಿಯೂ ಏಣಿನ ಮೇಲೆಯೇ, ಬ್ರಷ್ ಇಟ್ಟು ಅದರ ದಿಕ್ಕಿನಲ್ಲೇ ಎಳೆದೆ. ಅರ್ಧ ದಾರಿಯಲ್ಲಿ ಮಡಿಕೆ ಸ್ವಲ್ಪ ಬಾಗುತ್ತಿತ್ತು. `Window > Clone Source` ಫಲಕದಲ್ಲಿ ಮೂಲವನ್ನು ತಿರುಗಿಸುವ ಕೋನದ ಪೆಟ್ಟಿಗೆ ಇದೆ. ಅಲ್ಲಿ 10 ಡಿಗ್ರಿ ಕೊಟ್ಟಾಗ ತುದಿಗಳು ಕೂಡಿಕೊಂಡವು. ಮಡಿಕೆ ಎಂದರೆ ಗೆರೆ ಮಾತ್ರವಲ್ಲ, ಏಣಿನ ಒಂದು ಪಕ್ಕ ಬೆಳಕು, ಇನ್ನೊಂದು ಪಕ್ಕ ನೆರಳು. ಆದ್ದರಿಂದ ಎರಡೂ ಪಕ್ಕವನ್ನು ಒಳಗೊಳ್ಳುವಷ್ಟು ಅಗಲದ ಬ್ರಷ್ ಬೇಕು. ನನಗೆ 90 ಪಿಕ್ಸೆಲ್ ಬೇಕಾಯಿತು.

ಮಡಿಕೆ ಕೂಡಿದ ಮೇಲೆ ಉಳಿದ ಬಯಲನ್ನು ತುಂಬಿ. ಮೂಲವನ್ನು ಎಲ್ಲಿಂದ ತರಬೇಕೆಂಬುದು ಬೆಳಕನ್ನು ಅವಲಂಬಿಸಿದೆ. ನನ್ನ ಫೋಟೊದಲ್ಲಿ ಬೆಳಕು ಎಡಗಡೆಯ ಕಿಟಕಿಯಿಂದ ಬರುತ್ತಿತ್ತು, ಎಡದಿಂದ ಬಲಕ್ಕೆ ಬಟ್ಟೆ ಕ್ರಮೇಣ ಕಪ್ಪಾಗುತ್ತಿತ್ತು. ಹಾಗಿದ್ದಾಗ ಅಕ್ಕಪಕ್ಕದಿಂದ ಮೂಲ ತಂದರೆ ಬೆಳಕು ತಪ್ಪುತ್ತದೆ. ಲೋಗೊದ ನೇರ ಮೇಲಿನಿಂದ ಅಥವಾ ನೇರ ಕೆಳಗಿನಿಂದ, ಅಂದರೆ ಕಿಟಕಿಯಿಂದ ಅಷ್ಟೇ ದೂರದಲ್ಲಿರುವ ಬಟ್ಟೆಯಿಂದ ತರಬೇಕು. ಇನ್ನೊಂದು ಎದೆಯ ಖಾಲಿ ಜಾಗವನ್ನು ಕನ್ನಡಿಯಂತೆ ಮಗುಚಿ ಅಂಟಿಸುವ ಉಪಾಯ ಹಲವರಿಗೆ ಹೊಳೆಯುತ್ತದೆ. ಬೆಳಕು ಎದುರಿನಿಂದ ಸಮನಾಗಿ ಬಿದ್ದಿದ್ದರೆ ಅದು ನಡೆಯುತ್ತದೆ. ಕಿಟಕಿಯ ಬೆಳಕಿನಲ್ಲಿ ನೆರಳು ತಿರುಗುಮುರುಗಾಗಿ ಎದೆ ಒಳಕ್ಕೆ ತಗ್ಗಿದಂತೆ ಕಾಣುತ್ತದೆ.

ಒಂದೇ ಮೂಲದಿಂದ ಉದ್ದಕ್ಕೆ ಎಳೆಯಬೇಡಿ. ಬಟ್ಟೆಯಲ್ಲಿ ಒಂದು ಸಣ್ಣ ದಾರದ ಗಂಟು ಇದ್ದರೆ ಅದು ಮೂರು ಕಡೆ ಕಾಣಿಸಿಕೊಂಡು ಗುಟ್ಟು ಬಿಡುತ್ತದೆ. ಎಂಟು ಹತ್ತು ಎಳೆತಕ್ಕೊಮ್ಮೆ ಹೊಸ ಮೂಲ ಹಿಡಿಯಿರಿ. ನೇಯ್ಗೆಯ ಗೆರೆಗಳು ಓಡುವ ದಿಕ್ಕನ್ನೂ ನೋಡಿ. ಹೆಣೆದ ಟೀ ಶರ್ಟ್ ಬಟ್ಟೆಯಲ್ಲಿ ಸಣ್ಣ ಉದ್ದಗೆರೆಗಳಿರುತ್ತವೆ, ಎದೆ ಉಬ್ಬಿದ ಕಡೆ ಅವು ಬಾಗುತ್ತವೆ. ಅಲ್ಲಿಯೂ ಅದೇ ಕೋನದ ಪೆಟ್ಟಿಗೆ ಸಹಾಯಕ್ಕೆ ಬರುತ್ತದೆ.

`Edit > Content-Aware Fill` ಬಗ್ಗೆ ಎಲ್ಲರೂ ಕೇಳುತ್ತಾರೆ. ಸಾದಾ ಬಟ್ಟೆ, ಮಡಿಕೆಯಿಲ್ಲದ ಜಾಗ, ಅಂಗೈಯಗಲದ ಲೋಗೊ ಆದರೆ ಮೊದಲ ತುಂಬುವಿಕೆಯನ್ನು ಅದಕ್ಕೇ ಬಿಡಬಹುದು. ಅದರ ಹಸಿರು ಹೊದಿಕೆಯಿಂದ ಕತ್ತು, ಕಾಲರ್, ಗುಂಡಿ, ತೋಳು ಎಲ್ಲವನ್ನೂ ಅಳಿಸಿ, ಬರೀ ಎದೆಯ ಬಟ್ಟೆಯನ್ನು ಮಾತ್ರ ಉಳಿಸಿದರೆ ಫಲಿತಾಂಶ ಬಹಳ ಸುಧಾರಿಸುತ್ತದೆ. ಉತ್ತರವನ್ನು ಹೊಸ ಲೇಯರಿಗೆ ಪಡೆಯಿರಿ. ಮಡಿಕೆ ಇದ್ದಲ್ಲಿ ಅದು ಕಡಿದು ಹಾಕುತ್ತದೆ, ಅದನ್ನು ಹೇಗೂ ಕೈಯಲ್ಲೇ ಕಟ್ಟಬೇಕು.

ಬೆಳಕನ್ನು ಕೂಡಿಸುವುದು

ಈಗ ಲೋಗೊ ಹೋಗಿದೆ, ತೇಪೆ ಕಾಣುತ್ತಿದೆ. ಸರಿಯಾದ ಹಂತದಲ್ಲೇ ಇದ್ದೀರಿ.

ಬೆಳಕಿನ ತಪಾಸಣೆ ತೆರೆಯಿರಿ. ಸುತ್ತಲ ಬಟ್ಟೆಯಲ್ಲಿ ಹರಿಯುತ್ತಾ ಬಂದ ಪಟ್ಟೆಗಳು ತೇಪೆಯ ಅಂಚಿನಲ್ಲಿ ಮೆಟ್ಟಿಲಿನಂತೆ ಜಿಗಿಯುತ್ತಿರುತ್ತವೆ. ಈ ಜಿಗಿತಗಳನ್ನು ಒಂದೊಂದಾಗಿ ನಯಗೊಳಿಸುವುದೇ ಈ ಹಂತದ ಕೆಲಸ. ಕ್ಲೋನ್ ಲೇಯರಿನ ಮೇಲೆ, ತಪಾಸಣೆ ಲೇಯರ್‌ಗಳ ಕೆಳಗೆ, ಒಂದು ಹೊಸ ಲೇಯರ್ ಹಾಕಿ. ಅದಕ್ಕೆ 50% ಬೂದು ತುಂಬಿ, ಮೋಡ್ ಅನ್ನು `Soft Light` ಮಾಡಿ. ಈ ಬೂದು ಕಣ್ಣಿಗೆ ಕಾಣುವುದಿಲ್ಲ. ಅದರ ಮೇಲೆ ಬಿಳಿ ಹಚ್ಚಿದರೆ ಕೆಳಗಿನ ಬಟ್ಟೆ ಬೆಳಗುತ್ತದೆ, ಕಪ್ಪು ಹಚ್ಚಿದರೆ ಕಪ್ಪಾಗುತ್ತದೆ, ನೇಯ್ಗೆ ಮಾತ್ರ ಹಾಗೆಯೇ ಇರುತ್ತದೆ. `Hardness` 0 ಇರುವ ದೊಡ್ಡ ಬ್ರಷ್, `Flow` 2 ಅಥವಾ 3%. ತಪಾಸಣೆ ತೆರೆದೇ ಇರಲಿ. ಪಟ್ಟೆಗಳು ಹೊರಗಿನ ಬಟ್ಟೆಯಿಂದ ಒಳಕ್ಕೆ ನಿಲ್ಲದೆ ಹರಿಯುವವರೆಗೆ ಒಂದೊಂದೇ ಸ್ಪರ್ಶ ಕೊಡುತ್ತಾ ಹೋಗಿ.

ಸಾಮಾನ್ಯ ನೋಟದಲ್ಲಿ ಕಾಣದ್ದಕ್ಕೆ ಇಷ್ಟು ಶ್ರಮ ಏಕೆ ಎನಿಸಬಹುದು. ನಿಮ್ಮ ಪರದೆಯಲ್ಲಿ ಕಾಣದ್ದು ಪ್ರಿಂಟಿನಲ್ಲಿ, ಗೋಡೆಯ ಮೇಲೆ, ನೀವು ಊಹಿಸದ ಬೆಳಕಿನಲ್ಲಿ ಕಾಣುತ್ತದೆ. ಆ ಚೌಕಟ್ಟಿನ ಮುಂದೆ ಮನೆಯವರು ದಿನಾ ದೀಪ ಹಚ್ಚುತ್ತಾರೆ. ನಾವು ಆ ಫೋಟೊವನ್ನು ಒಂದು ಗಂಟೆ ನೋಡಿದರೆ ಅವರು ಇಪ್ಪತ್ತು ವರ್ಷ ನೋಡುತ್ತಾರೆ.

ಪಟ್ಟೆಗಳು ಹರಿದ ಮೇಲೆ ಬಣ್ಣದ ತಪಾಸಣೆ ತೆರೆಯಿರಿ. ಎಲ್ಲಾದರೂ ಗುಲಾಬಿ ಉಳಿದಿದ್ದರೆ ಮತ್ತೊಂದು ಖಾಲಿ ಲೇಯರ್ ಹಾಕಿ, ಮೋಡ್ ಅನ್ನು `Color` ಮಾಡಿ. ಐಡ್ರಾಪರ್‌ನ ಅಳತೆಯನ್ನು `5 by 5 Average` ಮಾಡಿಕೊಳ್ಳಿ, ಇಲ್ಲವಾದರೆ ಒಂದೇ ಎಳೆಯ ಬಣ್ಣ ಸಿಕ್ಕಿಬಿಡುತ್ತದೆ. ಹತ್ತಿರದ ಸ್ವಚ್ಛ ಬಟ್ಟೆಯ ಬಣ್ಣ ಹಿಡಿದು, ಮೆತ್ತನೆಯ ಬ್ರಷ್‌ನಿಂದ 10% `Flow` ಇಟ್ಟು ಗುಲಾಬಿ ಮಂಜಿನ ಮೇಲೆ ಹಚ್ಚಿ. ಬಣ್ಣ ಹಿಡಿಯುವಾಗ ತಪಾಸಣೆ ಲೇಯರ್ ಮುಚ್ಚಿರಬೇಕು. ತೆರೆದಿದ್ದರೆ ಉಬ್ಬಿಸಿದ ಬಣ್ಣವನ್ನೇ ಹಿಡಿದು ಬಟ್ಟೆಗೆ ಹಚ್ಚುತ್ತೀರಿ. ಇದನ್ನು ನಾನು ಒಮ್ಮೆಯಲ್ಲ, ಹಲವು ಸಲ ಮಾಡಿದ್ದೇನೆ.

ಹೀಲಿಂಗ್ ಬ್ರಷ್‌ನ ಸರದಿ ಈಗ. ಕೆಂಪು ಎಲ್ಲಿಯೂ ಇಲ್ಲದ್ದರಿಂದ ಸೋರುವ ಭಯವಿಲ್ಲ. ತೇಪೆಯ ಜೋಡಣೆಯ ಗೆರೆ ಎಲ್ಲಿ ಇನ್ನೂ ಕಾಣುತ್ತದೋ ಅಲ್ಲಿ ಮಾತ್ರ, ಗೆರೆಯ ಉದ್ದಕ್ಕಲ್ಲ, ಅಡ್ಡಕ್ಕೆ, ಸಣ್ಣ ಸಣ್ಣ ಎಳೆತಗಳಲ್ಲಿ ದಾಟಿಸಿ. ಇದಕ್ಕೂ ಬೇರೆ ಖಾಲಿ ಲೇಯರ್, `Sample` ಕೂಡ ಕ್ಲೋನ್‌ನಲ್ಲಿ ಇಟ್ಟಂತೆಯೇ. ಅದನ್ನು ಕ್ಲೋನ್ ಲೇಯರಿನ ಮೇಲೆ, ಬೂದು ಲೇಯರಿನ ಕೆಳಗೆ ಇಡಿ.

ಲೋಗೊ ಎಂದರೆ ನೇರವಾಗಿ ಫ್ರೀಕ್ವೆನ್ಸಿ ಸೆಪರೇಶನ್ ಮಾಡುವವರಿದ್ದಾರೆ. ಚರ್ಮಕ್ಕೆ ಅದು ಸರಿ. ಆದರೆ ಕೆಂಪು ಲೋಗೊ ಇರುವಾಗಲೇ ಚಿತ್ರವನ್ನು ಮಸುಕು ಮತ್ತು ನೇಯ್ಗೆ ಎಂದು ಎರಡಾಗಿ ಒಡೆದರೆ, ಲೋಗೊದ ಹರಿತವಾದ ಅಂಚು ಎರಡೂ ಲೇಯರ್‌ಗಳಿಗೆ ಹಂಚಿಹೋಗುತ್ತದೆ. ಮಸುಕಿನ ಲೇಯರ್‌ನಲ್ಲಿ ಕೆಂಪು ಇನ್ನೂ ಹತ್ತಾರು ಪಿಕ್ಸೆಲ್ ಹರಡುತ್ತದೆ, ನೇಯ್ಗೆಯ ಲೇಯರ್‌ನಲ್ಲಿ ಅಕ್ಷರದ ಹೊರಗೆರೆ ಕೆತ್ತಿದಂತೆ ನಿಲ್ಲುತ್ತದೆ. ಒಬ್ಬ ಕಳ್ಳನನ್ನು ಹಿಡಿಯಲು ಹೋಗಿ ಇಬ್ಬರನ್ನು ಮಾಡಿಕೊಂಡಂತೆ. ಮಾಡುವುದೇ ಆದರೆ ಕ್ಲೋನ್ ಕೆಲಸ ಮುಗಿದ ಮೇಲೆ ಮಾಡಿ.

ನೇಯ್ಗೆ ಮತ್ತು ಪರೀಕ್ಷೆ

100% ನೋಟಕ್ಕೆ ಬನ್ನಿ. ಎಲ್ಲ ತಪಾಸಣೆ ಮುಚ್ಚಿ. ತೇಪೆಯ ಒಳಗೂ ಹೊರಗೂ ಬಟ್ಟೆ ಒಂದೇ ಒರಟುತನದ್ದೇ ಎಂದು ನೋಡಿ. ಕ್ಲೋನ್‌ನಲ್ಲಿ `Opacity` 100% ಇಟ್ಟಿದ್ದರೆ ಬಹುಪಾಲು ಸರಿಯಿರುತ್ತದೆ. ಹೀಲಿಂಗ್ ಓಡಿಸಿದ ಗೆರೆಗಳಲ್ಲಿ ನುಣುಪು ಕಂಡರೆ ಅಲ್ಲಿಗೆ ಮತ್ತೆ ಕ್ಲೋನ್ ಬಳಸಿ. ನೇಯ್ಗೆ ಸರಿಯಿದ್ದು ಕ್ಯಾಮೆರಾದ ಕಾಳು, ಅಂದರೆ ಫೋಟೊದಲ್ಲಿ ಉದುರಿದಂತಿರುವ ಸಣ್ಣ ಚುಕ್ಕೆಗಳು, ಮಾತ್ರ ಕಡಿಮೆ ಎನಿಸಿದರೆ 50% ಬೂದಿನ ಇನ್ನೊಂದು `Soft Light` ಲೇಯರ್ ಹಾಕಿ, `Filter > Noise > Add Noise` ನಲ್ಲಿ `Gaussian` ಮತ್ತು `Monochromatic` ಆರಿಸಿ, 2%ರಿಂದ ಆರಂಭಿಸಿ ಕಣ್ಣಳತೆಯಲ್ಲಿ ಏರಿಸಿ. ಮಾಸ್ಕ್ ಹಾಕಿ ತೇಪೆಯ ನುಣುಪು ಭಾಗಕ್ಕೆ ಮಾತ್ರ ಕಾಣಿಸಿ.

ಮೊಬೈಲ್ ಫೋಟೊಗಳಲ್ಲಿ ಒಂದು ಕಿರಿಕಿರಿ ಇದೆ. ಕಡಿಮೆ ಬೆಳಕಿನಲ್ಲಿ ತೆಗೆದಾಗ ಮೊಬೈಲೇ ಕಾಳನ್ನು ಒರೆಸಿ, ಬಟ್ಟೆಯನ್ನು ಅಲ್ಲಲ್ಲಿ ಜಲವರ್ಣದಂತೆ ಕಲಸಿಬಿಟ್ಟಿರುತ್ತದೆ. ನೆರಳಿನ ಕಡೆ ನುಣುಪು, ಬೆಳಕಿನ ಕಡೆ ನೇಯ್ಗೆ. ಅಂಥ ಕಡೆ ನೇಯ್ಗೆ ಇಲ್ಲದ ಜಾಗಕ್ಕೆ ನೇಯ್ಗೆ ತಂದು ಕೂರಿಸಿದರೂ ತಪ್ಪೇ. ಮೂಲವನ್ನು ಹತ್ತಿರದಿಂದಲೇ ತರಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ.

ಪರೀಕ್ಷೆಗೆ ನನ್ನದು ಮೂರು ನೋಟ. ಚಿತ್ರವನ್ನು ಅಡ್ಡಲಾಗಿ ಮಗುಚಿ ನೋಡುತ್ತೇನೆ. ಒಂದು ಗಂಟೆಯಿಂದ ಅದೇ ಜಾಗ ನೋಡಿ ಪಳಗಿದ ಕಣ್ಣಿಗೆ ಮಗುಚಿದ ಚಿತ್ರ ಹೊಸದಾಗಿ ಕಾಣುತ್ತದೆ. 25%ಕ್ಕೆ ಕುಗ್ಗಿಸಿ ನೋಡುತ್ತೇನೆ. ದೊಡ್ಡ ನೋಟದಲ್ಲಿ ನೇಯ್ಗೆಯ ಹಿಂದೆ ಅಡಗುವ ತೇಪೆ ಸಣ್ಣ ನೋಟದಲ್ಲಿ ಮಬ್ಬು ಕಲೆಯಾಗಿ ಹೊರಬರುತ್ತದೆ. ಕೊನೆಗೆ ಏನನ್ನೂ ಹೇಳದೆ ಅಂಗಡಿಯ ಹುಡುಗನನ್ನು ಕರೆದು "ಇದರಲ್ಲಿ ಏನು ಮಾಡಿದ್ದೇನೆ ಹೇಳು" ಎನ್ನುತ್ತೇನೆ. "ಎದೆಯ ಹತ್ತಿರ ಏನೋ" ಎಂದರೆ ಮತ್ತೆ ಕುರ್ಚಿಗೆ. "ಮುಖ ಬೆಳ್ಳಗೆ ಮಾಡಿದ್ದೀರಾ ಸಾರ್?" ಎಂದರೆ ಕೆಲಸ ಮುಗಿಯಿತು.

ಪ್ರಿಂಟಿಗೆ ಹೋಗುವ ಮುನ್ನ ತಪಾಸಣೆ ಲೇಯರ್‌ಗಳು ಮುಚ್ಚಿವೆಯೇ ಎಂದು ನೋಡಿ, ಎದೆಯ ಭಾಗವನ್ನು ಮಾತ್ರ ಅಂತಿಮ ಅಳತೆಯಲ್ಲೇ ಒಂದು 4×6 ತುಂಡಿಗೆ ಹಾಕಿಸಿ. ಈ ಫೋಟೊವನ್ನು 12×18ಕ್ಕೆ ಕತ್ತರಿಸಿದಾಗ ಇಂಚಿಗೆ ಸುಮಾರು 222 ಪಿಕ್ಸೆಲ್ ಬರುತ್ತಿತ್ತು, 460 ಪಿಕ್ಸೆಲ್ ಅಗಲದ ಲೋಗೊ ಕಾಗದದ ಮೇಲೆ ಎರಡು ಇಂಚಿಗಿಂತ ತುಸು ಹೆಚ್ಚು. ಅಂದರೆ 4×6 ತುಂಡಿನಲ್ಲಿ ತೇಪೆ ಪೂರ್ತಿ, ಸುತ್ತಲ ಬಟ್ಟೆಯ ಸಮೇತ, ಕಾಣುತ್ತದೆ. ಖರ್ಚು ಕೆಲವೇ ರೂಪಾಯಿ. ಅದನ್ನು ಕಿಟಕಿಯ ಬಳಿ, ಟ್ಯೂಬ್‌ಲೈಟಿನ ಕೆಳಗೆ, ಹಳದಿ ಬಲ್ಬಿನ ಕೆಳಗೆ ಓರೆಯಾಗಿ ಹಿಡಿದು ನೋಡಿ.

ಗಿಂಪ್ ಬಳಸುವವರಿಗೆ

ಕ್ರಮ ಇದೇ. ಕ್ಲೋನ್ ಮತ್ತು ಹೀಲ್ ಎರಡೂ ಅಲ್ಲಿವೆ. ಖಾಲಿ ಲೇಯರಿನ ಮೇಲೆ ಕೆಲಸ ಮಾಡಲು ಉಪಕರಣದ ಆಯ್ಕೆಗಳಲ್ಲಿ `Sample merged` ಗುರುತು ಹಾಕಬೇಕು. ಆದರೆ ಅದು ಕಾಣುವ ಎಲ್ಲ ಲೇಯರ್‌ಗಳಿಂದಲೂ ಮೂಲ ಹಿಡಿಯುತ್ತದೆ, ಮೇಲಿರುವ ತಪಾಸಣೆಯಿಂದಲೂ. ಹಾಗಾಗಿ ಬ್ರಷ್ ಓಡಿಸುವಾಗ ತಪಾಸಣೆ ಮುಚ್ಚಿರಲೇಬೇಕು. ತಪಾಸಣೆಗೆ ಸುಲಭದ ದಾರಿ `Layer > New from Visible` ಮಾಡಿ, ಆ ಪ್ರತಿಯ ಬಣ್ಣ ತೆಗೆದು, ಅದರ ಮೇಲೆ `Colors > Curves` ನಲ್ಲಿ ಅಲೆಯ ಕರ್ವ್ ಹಾಕುವುದು. ನೋಡಿದ ಮೇಲೆ ಆ ಲೇಯರನ್ನು ಅಳಿಸಿ, ತಿದ್ದಿ, ಮತ್ತೆ ಮಾಡಿ. ಸ್ವಲ್ಪ ಬೇಸರದ ಕೆಲಸ, ಫಲ ಒಂದೇ.

ಬೇಡ ಎನ್ನಬೇಕಾದ ಕೆಲಸಗಳು

ಎದೆಯ ತುಂಬ ಹರಡಿದ ಲೋಗೊ ಆಗಿದ್ದರೆ ಮೂಲಕ್ಕೆ ಬಟ್ಟೆಯೇ ಉಳಿದಿರುವುದಿಲ್ಲ. ಚೌಕುಳಿ ಅಂಗಿಯಾದರೆ ಪ್ರತಿ ಗೆರೆಯೂ ಎರಡು ಕಡೆ ಕೂಡಬೇಕು. ಜೇಬಿನ ಮೇಲಿನ ಸಣ್ಣ ಲೋಗೊ ಆದರೆ ಮಾಡಬಹುದು, ದೊಡ್ಡದಾದರೆ ದಿನವಿಡೀ ಹಿಡಿಯುತ್ತದೆ. ಅಂಥವರಿಗೆ ನಾನು ಚಿತ್ರವನ್ನು ಲೋಗೊದ ಮೇಲುಗಡೆಯೇ ಕತ್ತರಿಸೋಣ ಎನ್ನುತ್ತೇನೆ, ಇಲ್ಲವೇ ಹೆಗಲಿನಿಂದ ಒಂದು ಶಾಲು ಇಳಿಬಿಡೋಣ ಎನ್ನುತ್ತೇನೆ. ಪಾಸ್‌ಪೋರ್ಟ್ ಫೋಟೊಗೆ ಕೋಟು ತೊಡಿಸುವ ಕಲೆ ನಮ್ಮ ಸ್ಟುಡಿಯೊಗಳಿಗೆ ಹೊಸದಲ್ಲ. ಆದರೆ ಜೀವನವಿಡೀ ಗದ್ದೆಯಲ್ಲಿ ನಿಂತವರಿಗೆ ಟೈ ಕಟ್ಟಿ ಕೂರಿಸುವುದು ನನಗೆ ಹಿಡಿಸುವುದಿಲ್ಲ.

ಫೈಲನ್ನು ಲೇಯರ್‌ಗಳ ಸಮೇತ ಪಿಎಸ್‌ಡಿ ಆಗಿಯೇ ಇಟ್ಟುಕೊಳ್ಳಿ. ಆ ಮಗಳು ವರ್ಷಾಬ್ದಿಕಕ್ಕೆ ಮತ್ತೆ ಬಂದರು, ಪತ್ರಿಕೆಯಲ್ಲಿ ಹಾಕಿಸಲು ಅದೇ ಫೋಟೊದ ಕಪ್ಪು ಬಿಳುಪು ಪ್ರತಿ ಬೇಕಿತ್ತು. ಬಣ್ಣ ತೆಗೆದ ತಕ್ಷಣ ಮೇಲ್ಗಡಿಯ ಹತ್ತಿರ ಬೆರಳಗಲದ ಒಂದು ತೇಪೆ ಕಾಣಿಸಿಕೊಂಡಿತು, ಬಣ್ಣದಲ್ಲಿ ಅಡಗಿಕೊಂಡಿದ್ದದ್ದು. ಬೂದು ಲೇಯರ್ ತೆರೆದು ಐದಾರು ಸ್ಪರ್ಶ ಕೊಟ್ಟೆ. ಅವರು ಕುರ್ಚಿಯ ಹಿಂದೆ ನಿಂತು ನೋಡುತ್ತಿದ್ದರು. "ಅಲ್ಲಿ ಏನಿತ್ತು ಅಣ್ಣಾ?" ಎಂದು ಕೇಳಿದರು.